ಸಾಲ ಮಾರ್ಕ್‌ನಲ್ಲಿ, ಕಂತು ಡಾಲರಿನಲ್ಲಿ

ಗಳಿಕೆ ಒಂದು ಹಣದಲ್ಲಿ, ಸಾಲ ಇನ್ನೊಂದು ಹಣದಲ್ಲಿ ಇದ್ದರೆ ವಿನಿಮಯ ದರ ಒಮ್ಮೆ ಏರಿಳಿದರೂ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಈ ಅಪಾಯದಿಂದ ಹೊರಬರಲು 1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ ಮತ್ತು ವಿಶ್ವಬ್ಯಾಂಕ್ ಮಾಡಿಕೊಂಡ ಒಪ್ಪಂದ ಕರೆನ್ಸಿ ಸ್ವಾಪ್‌ಗೆ ಹೆಸರಾಂತ ಉದಾಹರಣೆ.

ಅಮೆರಿಕದ ಐಬಿಎಂ ಜರ್ಮನ್ ಮಾರ್ಕ್ ಮತ್ತು ಸ್ವಿಸ್ ಫ್ರಾಂಕ್‌ನಲ್ಲಿ ಸಾಲ ಎತ್ತಿತ್ತು. 1980ರ ಆರಂಭದಲ್ಲಿ ಡಾಲರಿಗೆ ಸುಮಾರು 1.9 ಮಾರ್ಕ್ ಸಿಗುತ್ತಿತ್ತು. ಒಪ್ಪಂದದ ಹೊತ್ತಿಗೆ ಸುಮಾರು 2.5. ಅಂದರೆ 10 ಕೋಟಿ ಮಾರ್ಕ್ ತೀರಿಸಲು ಮೊದಲು 5.26 ಕೋಟಿ ಡಾಲರ್ ಬೇಕಿದ್ದರೆ, ಈಗ 4 ಕೋಟಿ ಸಾಕು. ಆದರೆ ಸಾಲದ ಅವಧಿ ಮುಗಿದಿಲ್ಲ. ಅಷ್ಟರೊಳಗೆ ಡಾಲರ್ ಮತ್ತೆ ಕುಸಿದರೆ ಈ ಲಾಭ ಕೈಬಿಟ್ಟುಹೋಗುತ್ತದೆ.

ವಿಶ್ವಬ್ಯಾಂಕಿನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಅಮೆರಿಕದಲ್ಲಿ ಆಗ ಬಡ್ಡಿ ಶೇ 17ರ ಆಸುಪಾಸು, ಜರ್ಮನಿಯಲ್ಲಿ ಶೇ 12, ಸ್ವಿಟ್ಜರ್ಲೆಂಡಿನಲ್ಲಿ ಶೇ 8. ಅದಕ್ಕೆ ಬೇಕಾಗಿದ್ದು ಮಾರ್ಕ್ ಮತ್ತು ಫ್ರಾಂಕ್ ಸಾಲವೇ. ಆದರೆ ಆ ಮಾರುಕಟ್ಟೆಗಳಲ್ಲಿ ಅದು ಆಗಲೇ ಎತ್ತಬಹುದಾದಷ್ಟು ಎತ್ತಿಯಾಗಿತ್ತು.

ಇಬ್ಬರನ್ನೂ ಕೂಡಿಸಿದ್ದು ಸಾಲೊಮನ್ ಬ್ರದರ್ಸ್. ವಿಶ್ವಬ್ಯಾಂಕ್ ಡಾಲರ್ ಬಾಂಡ್ ಹೊರಡಿಸಿ, ಬಂದ ಹಣವನ್ನು ಮಾರ್ಕ್ ಮತ್ತು ಫ್ರಾಂಕ್‌ಗೆ ಬದಲಿಸಿಕೊಂಡಿತು. ಆ ಬಾಂಡಿನ ಬಡ್ಡಿ, ಅಸಲಿಗೆ ಬೇಕಾದ ಡಾಲರನ್ನು ಐಬಿಎಂ ಕೊಡುವುದು; ಐಬಿಎಂನ ಹಳೆಯ ಸಾಲಕ್ಕೆ ಬೇಕಾದ ಮಾರ್ಕ್ ಮತ್ತು ಫ್ರಾಂಕನ್ನು ವಿಶ್ವಬ್ಯಾಂಕ್ ಕೊಡುವುದು ಎಂದು ಮಾತಾಯಿತು. ಕಂತಿನ ದಿನಾಂಕಗಳನ್ನೂ ಹೊಂದಿಸಲಾಯಿತು. ಅಲ್ಲಿಂದಾಚೆಗೆ ಐಬಿಎಂ ತನ್ನ ಜೇಬಿನಿಂದ ಕೊಡಬೇಕಾದದ್ದು ಮೊದಲೇ ಗೊತ್ತಾದ ಡಾಲರ್ ಮಾತ್ರ.

ಹಾಗೆಂದು ಹಳೆಯ ಸಾಲ ಅಳಿಸಿಹೋಗಲಿಲ್ಲ. ಸಾಲಪತ್ರದಲ್ಲಿ ಇದ್ದದ್ದು ಐಬಿಎಂ ಹೆಸರೇ. ವಿಶ್ವಬ್ಯಾಂಕ್ ಕೈಯೆತ್ತಿದ್ದರೆ ಐಬಿಎಂ ಅಂದಿನ ದರದಲ್ಲೇ ಮಾರ್ಕ್ ಕೊಂಡು ತೀರಿಸಬೇಕಾಗುತ್ತಿತ್ತು. ಆದ್ದರಿಂದ ಸ್ವಾಪ್‌ನಲ್ಲಿ ದರ ಎಷ್ಟು ಮುಖ್ಯವೋ ಎದುರಿಗಿರುವವರು ಯಾರೆಂಬುದೂ ಅಷ್ಟೇ ಮುಖ್ಯ. ಇಂದು ಸಾಮಾನ್ಯವಾಗಿ ಬ್ಯಾಂಕ್ ನಡುವೆ ನಿಂತು ಎರಡೂ ಕಡೆಯವರೊಡನೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳುತ್ತದೆ. ಆಗ ಕಂಪನಿಗೆ ಅಪರಿಚಿತ ಕಂಪನಿಯ ಬದಲು ಬ್ಯಾಂಕಿನ ಮಾತಿನ ಮೇಲೆ ಭರವಸೆ ಇಟ್ಟರಾಯಿತು. ಅದಕ್ಕೆ ಬ್ಯಾಂಕ್ ತನ್ನ ಪಾಲನ್ನು ಪಡೆಯುತ್ತದೆ.

ಇನ್ನೊಂದು ಬೆಲೆಯೂ ಇದೆ. ಡಾಲರ್ ಏರುತ್ತಲೇ ಹೋಗಿ 1985ರ ಫೆಬ್ರುವರಿಯಲ್ಲಿ 3.3 ಮಾರ್ಕ್ ದಾಟಿತು. ಸ್ವಾಪ್ ಮಾಡಿಕೊಳ್ಳದಿದ್ದರೆ ಐಬಿಎಂ ಆ ಹೊತ್ತಿಗೆ ತೀರಿಸಬೇಕಿದ್ದ ಕಂತುಗಳಿಗೆ ಇನ್ನೂ ಕಡಿಮೆ ಡಾಲರ್ ಸಾಕಾಗುತ್ತಿತ್ತು. ಸ್ವಾಪ್ ನಷ್ಟದ ಬಾಗಿಲನ್ನು ಮುಚ್ಚುವಾಗ ಲಾಭದ ಬಾಗಿಲನ್ನೂ ಮುಚ್ಚುತ್ತದೆ. ಸಹಿ ಹಾಕುವ ಮುಂಚೆ ಕಂಪನಿ ಒಪ್ಪಿಕೊಳ್ಳಬೇಕಾದ ಷರತ್ತು ಅದೇ.