ಒಂದು ಸರಳು, ಹಲವು ಗಡಿಯಾರಗಳು

ಒಂದು ಮೀಟರ್ ಉದ್ದದ ತಾಮ್ರದ ಸರಳು. ಮೈಗೆ ಶಾಖನಿರೋಧಕ ಸುತ್ತಿದೆ, ಎರಡೂ ತುದಿಗಳು ಮಂಜುಗಡ್ಡೆಯಲ್ಲಿ ಸೊನ್ನೆ ಡಿಗ್ರಿಯಲ್ಲಿವೆ. ಇಡೀ ಸರಳೂ ಮೊದಲು ಸೊನ್ನೆಯಲ್ಲೇ ಇತ್ತು ಎನ್ನೋಣ. ಈಗ ಅದರೊಳಗೆ ವಿದ್ಯುತ್ ಹರಿಸುತ್ತೇವೆ. ಶಾಖ ತುದಿಗಳಿಂದ ಸೋರಿ ಹೋಗದಿದ್ದರೆ ಸರಳಿನ ಪ್ರತಿ ಬಿಂದುವೂ ಸೆಕೆಂಡಿಗೆ 0.044 ಡಿಗ್ರಿಯಂತೆ ಏರಬೇಕು. ಆದರೆ ಸೋರುತ್ತದೆ. ಹಾಗಾದರೆ ಹದಿನೈದು ನಿಮಿಷದ ಬಳಿಕ ನಡುಭಾಗದ ಬಿಸಿ ಎಷ್ಟು?

ತಾಪಮಾನ ಇಲ್ಲಿ ಜಾಗ, ಕಾಲ ಎರಡನ್ನೂ ಅವಲಂಬಿಸಿದೆ. ತೊಡಕೆಲ್ಲ ಅದರಲ್ಲೇ ಇದೆ. ಶಾಖದ ಹರಿವನ್ನು ಸೈನ್ ಅಲೆಗಳಾಗಿ ಒಡೆದು ನೋಡುವ ದಾರಿಯನ್ನು ಫ್ರಾನ್ಸಿನ ಜೋಸೆಫ್ ಫೂರಿಯೆ 1822ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ತುದಿಗಳಲ್ಲಿ ಸೊನ್ನೆಯಾಗುವ ಈ ಅಲೆಗಳೇ ನಮ್ಮ ಸರಳಿನ ಐಗನ್ ಫಲನಗಳು. ಶಾಖ ಹರಡಿದಾಗ ಇಂಥ ಅಲೆಯ ಎತ್ತರ ಕುಗ್ಗುತ್ತದೆ, ಆಕಾರ ಬದಲಾಗುವುದಿಲ್ಲ. ಈ ಗುಣವನ್ನು ನಂಬಿಯೇ ಮುಂದಿನ ಲೆಕ್ಕವೆಲ್ಲ ನಡೆಯುತ್ತದೆ.

ತಾಪಮಾನವನ್ನು ಈ ಅಲೆಗಳ ಮೊತ್ತವಾಗಿ ಬರೆದು, ಪ್ರತಿ ಅಲೆಯ ಎತ್ತರ bₙ ಕಾಲದೊಂದಿಗೆ ಬದಲಾಗಲು ಬಿಡುತ್ತೇವೆ. ಒಳಗಿನ ಶಾಖದ ಮೂಲವನ್ನೂ ಅವೇ ಅಲೆಗಳಾಗಿ ಒಡೆಯುತ್ತೇವೆ. ಒಂದು ಅಲೆಯ ಪಾಲು ಇನ್ನೊಂದಕ್ಕೆ ಬೆರೆಯದ ಕಾರಣ, ಪ್ರತಿ ಎತ್ತರಕ್ಕೂ ತನ್ನದೇ ಆದ ಪುಟ್ಟ ಸಮೀಕರಣ ಸಿಗುತ್ತದೆ:

bₙ′ + k(nπ/L)² bₙ = qₙ

ಇದು ಮೊದಲ ದರ್ಜೆಯ ಸಮೀಕರಣ, ಪದವಿ ತರಗತಿಯಲ್ಲಿ ಬಿಡಿಸುವಂಥದ್ದು. k ಎಂದರೆ ಶಾಖ ಹರಡುವ ವೇಗದ ಅಳತೆ. ತಾಮ್ರಕ್ಕೆ ಸೆಕೆಂಡಿಗೆ ಸುಮಾರು 0.00011 ಚದರ ಮೀಟರ್. qₙ ಎಂಬುದು ಮೂಲದಲ್ಲಿ ಆ ಅಲೆಯ ಪಾಲು. ನಮ್ಮ ಸಮನಾದ ಮೂಲದಲ್ಲಿ ಬೆಸ ಸಂಖ್ಯೆಯ ಅಲೆಗಳಿಗೆ ಮಾತ್ರ ಪಾಲಿದೆ.

ಮೊದಲ ಅಲೆ 51.6 ಡಿಗ್ರಿಯತ್ತ ಏರುತ್ತದೆ, ಆದರೆ ನಿಧಾನವಾಗಿ: ಸುಮಾರು ಹದಿನೈದು ನಿಮಿಷಕ್ಕೆ ಆ ದಾರಿಯ ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆ. ಮೂರನೆಯದು ಒಂಬತ್ತು ಪಟ್ಟು ಚುರುಕು. ಎರಡು ನಿಮಿಷದೊಳಗೇ ಅಷ್ಟು ದೂರ ಸಾಗಿ, ಕೊನೆಗೆ ನಡುವಿನಿಂದ 1.9 ಡಿಗ್ರಿ ಕಳೆಯುತ್ತದೆ. ಉಳಿದವುಗಳ ಕಾಣಿಕೆ ಅರ್ಧ ಡಿಗ್ರಿಯೂ ಇಲ್ಲ. ಹದಿನೈದನೆಯ ನಿಮಿಷಕ್ಕೆ ನಡುಭಾಗ ಸುಮಾರು 31 ಡಿಗ್ರಿ. ಬಹಳ ಹೊತ್ತಿನ ಬಳಿಕ 50. ಹೀಗೆ ಒಂದೇ ಸರಳಿನೊಳಗೆ ಪ್ರತಿ ಅಲೆಗೂ ತನ್ನದೇ ಗಡಿಯಾರವಿದೆ ಎಂಬುದೇ ಈ ವಿಧಾನದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ವಿದ್ಯುತ್ತನ್ನು ಏರಿಳಿಸಿದರೂ ವಿಧಾನ ಅದೇ. qₙ ಕಾಲದೊಂದಿಗೆ ಬದಲಾಗುತ್ತದೆ, ಅಷ್ಟೆ.

ಎಡವುವುದು ತುದಿಗಳಲ್ಲಿ. ತುದಿ 20 ಡಿಗ್ರಿಯಲ್ಲಿದ್ದರೆ ಅಲ್ಲಿ ಸೊನ್ನೆಯಾಗುವ ಅಲೆಗಳು ಅದನ್ನು ಮುಟ್ಟಲಾರವು. ಆಗ ಮೊತ್ತವನ್ನು ಪದಪದವಾಗಿ ಎರಡು ಬಾರಿ ಅವಕಲಿಸಿದರೆ ಉತ್ತರ ತಪ್ಪುತ್ತದೆ. ಮೊದಲು ತುದಿಗಳ ತಾಪಮಾನವನ್ನು ಜೋಡಿಸುವ ಸರಳರೇಖೆಯೊಂದನ್ನು ಕಳೆದು, ಉಳಿದದ್ದಕ್ಕೆ ಈ ವಿಧಾನ ಬಳಸಿ, ಕೊನೆಗೆ ಆ ರೇಖೆಯನ್ನು ಮರಳಿ ಕೂಡಿಸಬೇಕು. ತುದಿಗಳ ತಾಪಮಾನವೂ ಕಾಲದೊಂದಿಗೆ ಬದಲಾಗುತ್ತಿದ್ದರೆ, ಆ ರೇಖೆ ಏರುವ ವೇಗವನ್ನು ಮೂಲದಿಂದ ಕಳೆಯುವುದನ್ನು ಮರೆಯಬಾರದು. ನಿಮ್ಮ ಲೆಕ್ಕದಲ್ಲಿ ತುದಿಯ ಆ 20 ಎಲ್ಲಿಯೂ ಕಾಣಿಸದಿದ್ದರೆ, ಉತ್ತರ ತಪ್ಪೆಂದೇ ತಿಳಿಯಿರಿ.