ಸ್ನಾಯುಕ್ಷಯ: ಗಾಲಿಕುರ್ಚಿಯ ಸಿದ್ಧತೆ ಯಾವಾಗ?

ಡುಷೆನ್ ಸ್ನಾಯುಕ್ಷಯವು ಬಹುಮಟ್ಟಿಗೆ ಗಂಡುಮಕ್ಕಳಲ್ಲೇ ಕಂಡುಬರುವ ಹುಟ್ಟಿನಿಂದಲೇ ಬರುವ ವ್ಯಾಧಿ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗದಿರುವುದೇ ಇದಕ್ಕೆ ಕಾರಣ. ಇದನ್ನು ತಡೆದು ನಿಲ್ಲಿಸುವ ಔಷಧವು ಆಯುರ್ವೇದದಲ್ಲಿಲ್ಲವೆಂದು ನಾವು ಪೋಷಕರಿಗೆ ಮೊದಲ ದಿನವೇ ತಿಳಿಸುತ್ತೇವೆ. ತಜ್ಞರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಚೂರ್ಣ, ತೈಲಗಳ ಭರವಸೆಯಿಂದ ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯಕರ.

ಆದರೆ ಈ ವ್ಯಾಧಿಯ ಹಾದಿ ಬಹುಮಟ್ಟಿಗೆ ಗೊತ್ತಿರುವಂಥದು. ಆದ್ದರಿಂದ ಸಿದ್ಧತೆಯು ಅದಕ್ಕಿಂತ ಒಂದು ಹೆಜ್ಜೆ ಮುಂದಿರಲು ಸಾಧ್ಯ.

ನಾಲ್ಕನೆಯ ತರಗತಿಯ 9 ವರ್ಷದ ಬಾಲಕನೊಬ್ಬನನ್ನು ತೆಗೆದುಕೊಳ್ಳೋಣ. ಆತನು ಕಳೆದ ವರ್ಷ ತೊಡೆಯ ಮೇಲೆ ಕೈಯೂರಿ ಏಳುತ್ತಿದ್ದನು. ಈ ವರ್ಷ ಯಾರಾದರೂ ಎತ್ತದೆ ನೆಲದಿಂದ ಏಳಲಾರನು. ಇನ್ನು ಒಂದೆರಡು ವರ್ಷಗಳಲ್ಲಿ ನಡಿಗೆ ನಿಲ್ಲಬಹುದೆಂಬುದಕ್ಕೆ ಇದು ಸೂಚನೆ. ಗಾಲಿಕುರ್ಚಿ ತಂದರೆ ಮಗ ನಡೆಯುವುದನ್ನೇ ಬಿಟ್ಟಾನೆಂದು ತಂದೆಯವರ ಅಳುಕು. ಅದು ಹಾಗಲ್ಲ. ಶಾಲೆಗೆ ಹೋಗುವ ದೂರವನ್ನು ಕುರ್ಚಿಯಲ್ಲಿ ಕಳೆದರೆ, ತರಗತಿಯೊಳಗೆ ನಾಲ್ಕು ಹೆಜ್ಜೆ ಇಡುವ ಶಕ್ತಿ ಉಳಿಯುತ್ತದೆ. ಬಿದ್ದು ಮೂಳೆ ಮುರಿಯುವುದೂ ತಪ್ಪುತ್ತದೆ. ಒಮ್ಮೆ ಕಾಲು ಮುರಿದು ಹಾಸಿಗೆ ಹಿಡಿದ ಬಾಲಕನು ಮತ್ತೆ ನಡೆಯದೇ ಹೋಗಬಹುದು.

ಕುರ್ಚಿಯು ಮಗುವಿನ ಅಳತೆಯದಾಗಿರಬೇಕು. ಬೆಳೆಯುವ ಹುಡುಗನೆಂದು ದೊಡ್ಡದನ್ನು ಕೊಳ್ಳುವುದು ನಮ್ಮವರ ರೂಢಿ. ಅಂಗಿಗೆ ಅದು ಸರಿ, ಕುರ್ಚಿಗೆ ಸಲ್ಲದು. ಅಗಲವಾದ ಕುರ್ಚಿಯಲ್ಲಿ ಮಗು ಒಂದು ಪಕ್ಕಕ್ಕೆ ವಾಲುತ್ತದೆ. ನಡಿಗೆ ನಿಂತ ಮೇಲೆ ಬೆನ್ನುಮೂಳೆಯು ಸುಲಭವಾಗಿ ಬಾಗುವುದರಿಂದ, ಜೋತುಬೀಳುವ ಬಟ್ಟೆಯ ಆಸನಕ್ಕಿಂತ ಗಟ್ಟಿಯಾದ ಆಸನ ಮತ್ತು ಬೆನ್ನಾಸರೆ ಅವಶ್ಯ. ತೋಳುಗಳೂ ಸೋಲುವುದರಿಂದ ಕೈಯಿಂದ ಗಾಲಿ ತಿರುಗಿಸುವುದು ಬಹುಕಾಲ ನಡೆಯದು. ಮುಂದೆ ವಿದ್ಯುತ್ ಗಾಲಿಕುರ್ಚಿ ಬೇಕಾಗುವುದನ್ನು ಈಗಲೇ ಲೆಕ್ಕದಲ್ಲಿಡಬೇಕು.

ಮನೆಯ ಹೊಸ್ತಿಲು, ಬಚ್ಚಲುಮನೆಯ ಬಾಗಿಲುಗಳನ್ನು ಕುರ್ಚಿ ಕೊಳ್ಳುವ ಮೊದಲೇ ಅಳೆಯಬೇಕು. ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕು. ಅಂದರೆ 6 ಅಂಗುಲದ ಮೆಟ್ಟಿಲಿಗೆ 6 ಅಡಿ.

ಶಾಲೆಯ ಮಾತನ್ನು ಜೂನ್ ತಿಂಗಳಿಗೆ ಬಿಡಬಾರದು. ಐದನೆಯ ತರಗತಿಯು ಮಹಡಿಯ ಮೇಲಿದ್ದರೆ ಅದನ್ನು ಕೆಳಗೆ ತರುವಂತೆ ಮುಖ್ಯೋಪಾಧ್ಯಾಯರನ್ನು ಹಿಂದಿನ ವರ್ಷವೇ ಕೇಳಬೇಕು. ಕುರ್ಚಿ ಹೋಗುವ ಶೌಚಾಲಯವಿಲ್ಲವೆಂದು ಹಲವು ಮಕ್ಕಳು ದಿನವಿಡೀ ನೀರು ಕುಡಿಯುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಲಿಪಿಕಾರರ ನೆರವು ಕೇಳಲು ಪ್ರಮಾಣಪತ್ರ ಬೇಕು. ಅದನ್ನು ಮೊದಲೇ ಮಾಡಿಸಿಡುವುದು ಲೇಸು.

ಭುಜ ಸೋತ ಬಳಿಕವೂ ಬೆರಳುಗಳ ಬಲ ಬಹುಕಾಲ ಉಳಿಯುತ್ತದೆ. ಆದ್ದರಿಂದ ಹತ್ತು ಹನ್ನೆರಡರ ವಯಸ್ಸಿನಿಂದಲೇ ಕಂಪ್ಯೂಟರ್ ಅಭ್ಯಾಸವಾಗಲಿ. ಲೆಕ್ಕಪತ್ರ, ವಿನ್ಯಾಸದಂಥ ಕೆಲಸಗಳಿಗೆ ಮೊಣಕೈಗೆ ಆಸರೆಯಿರುವ ಮೇಜು ಸಾಕು. ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ ಕಂಡರೆ ರಾತ್ರಿಯ ಉಸಿರಾಟ ಸಾಲುತ್ತಿಲ್ಲವೆಂದು ಸಂಶಯಿಸಿ, ತಡಮಾಡದೆ ತಜ್ಞರಲ್ಲಿಗೆ ಕರೆದೊಯ್ಯಬೇಕು.