ಜನನ ನೋಂದಣಿಯ ಮಾಸಿಕ ಪಟ್ಟಿ: ದತ್ತಾಂಶ ಗುಣಮಟ್ಟದ ಅಂಕಪಟ್ಟಿಯನ್ನು ಓದುವ ಬಗೆ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಮಾಹಿತಿಗಾಗಿ

ಹರಿಹರ ತಾಲ್ಲೂಕಿನ ಒಂದು ಗ್ರಾಮದ ತಾಯಿಯು ದಾವಣಗೆರೆ ನಗರದ ಆಸ್ಪತ್ರೆಯಲ್ಲಿ ಹೆರಿಗೆಯಾದರೆ, ಆ ಜನನವು ಘಟಿಸಿದ ಸ್ಥಳದಲ್ಲಿಯೇ, ಅಂದರೆ ದಾವಣಗೆರೆಯಲ್ಲಿಯೇ ನೋಂದಣಿಯಾಗುತ್ತದೆ. ಜನನ ಮರಣ ನೋಂದಣಿ ಅಧಿನಿಯಮ, 1969ರ ಕ್ರಮವೇ ಹಾಗಿದೆ. ಆ ಮಗುವು ಯಾವ ಗ್ರಾಮದ ಲೆಕ್ಕಕ್ಕೆ ಸೇರಬೇಕೆಂಬುದನ್ನು ಜನನ ವರದಿಯ ನಮೂನೆಯಲ್ಲಿರುವ ‘ತಾಯಿಯ ವಾಸಸ್ಥಳ’ ಎಂಬ ಕಾಲಂ ತಿಳಿಸುತ್ತದೆ. ಆದ್ದರಿಂದ ಮಾಸಿಕ ಪಟ್ಟಿಯ ಪ್ರತಿಯೊಂದು ಕಾಲಂ ಎಷ್ಟರಮಟ್ಟಿಗೆ ನಂಬಲರ್ಹವಾಗಿದೆ ಎಂಬುದನ್ನು ಸದಸ್ಯರು ಅರಿತಿರುವುದು ಅವಶ್ಯಕ. ಅಂಕಪಟ್ಟಿಯ ಉದ್ದೇಶವೂ ಇದೇ ಆಗಿರುತ್ತದೆ.

ಅಂಕಪಟ್ಟಿಯು ಪ್ರತಿ ಕಾಲಂಗೆ ಮೂರು ಪ್ರಶ್ನೆಗಳನ್ನು ಕೇಳುತ್ತದೆ. ಕಾಲಂ ಭರ್ತಿಯಾಗಿದೆಯೇ ಎಂಬುದು ಪೂರ್ಣತೆ. ಭರ್ತಿಯಾದ ನಮೂದು ನಿಯಮಕ್ಕೆ ಒಪ್ಪುತ್ತದೆಯೇ ಎಂಬುದು ಸಿಂಧುತ್ವ. ಗೊತ್ತುಪಡಿಸಿದ ಅವಧಿಯೊಳಗೆ ದಾಖಲಾಗಿದೆಯೇ ಎಂಬುದು ಸಕಾಲಿಕತೆ. ವಿವರಣೆಗಾಗಿ 40 ಜನನಗಳಿರುವ ಒಂದು ಕಾಲ್ಪನಿಕ ಪಟ್ಟಿಯನ್ನು ಪರಿಶೀಲಿಸೋಣ.

| ಕಾಲಂ | ಪೂರ್ಣತೆ (ಶೇ.) | ಸಿಂಧುತ್ವ (ಶೇ.) | ಸಕಾಲಿಕತೆ (ಶೇ.) |
|---|---|---|---|
| ಜನನ ದಿನಾಂಕ | 100 | 100 | 90 |
| ಮಗುವಿನ ಹೆಸರು | 55 | 100 | – |
| ಜನನ ತೂಕ | 85 | 91 | – |
| ತಾಯಿಯ ವಾಸಸ್ಥಳ | 100 | 100 | – |

ಪೂರ್ಣತೆಯ ನಾಲ್ಕು ಅಂಕಗಳ ಸರಾಸರಿ ಶೇ. 85. ಈ ಒಂದು ಅಂಕಿಯಿಂದ ಯಾವ ಕಾಲಂನಲ್ಲಿ ಏನು ಕೊರತೆಯಿದೆ ಎಂಬುದು ತಿಳಿಯುವುದಿಲ್ಲ. ಆದಕಾರಣ ಕಾಲಂವಾರು ಓದಬೇಕು.

ಹೆಸರಿನ ಕಾಲಂ 40ರಲ್ಲಿ 22 ಮಾತ್ರ ಭರ್ತಿಯಾಗಿದ್ದು, ನೋಟಕ್ಕೆ ಇದೇ ಅತ್ಯಂತ ಕಳಪೆ. ಆದರೆ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಲು ಕಾನೂನಿನಲ್ಲಿ ಅವಕಾಶವಿದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ನಾಮಕರಣಕ್ಕೆ ಮುಂಚೆ ಈ ಕಾಲಂ ಖಾಲಿಯಿರುವುದು ಸಹಜ. ವರ್ಷ ಕಳೆದರೂ ಖಾಲಿಯಿದ್ದಲ್ಲಿ ಮಾತ್ರ ಅದನ್ನು ಕೊರತೆಯೆಂದು ಎಣಿಸಬೇಕು.

ತೂಕದ ಕಾಲಂ 34 ಮಕ್ಕಳಿಗೆ ಭರ್ತಿಯಾಗಿದೆ. ಅವುಗಳಲ್ಲಿ ಮೂರು ಕಡೆ 0, 28 ಮತ್ತು 2800 ಎಂದಿದೆ. ತೂಕವನ್ನು ಕಿಲೋಗ್ರಾಂನಲ್ಲಿ ಬರೆಯಬೇಕಾದ್ದರಿಂದ ಈ ಮೂರೂ ಅಸಿಂಧು. ಉಳಿದ 31 ನಮೂದುಗಳನ್ನು 34ರಿಂದ ಭಾಗಿಸಬೇಕೇ ಹೊರತು 40ರಿಂದಲ್ಲ. ಖಾಲಿ ಕಾಲಂಗಳನ್ನು ಪೂರ್ಣತೆಯಲ್ಲಿ ಈಗಾಗಲೇ ಎಣಿಸಲಾಗಿದೆ. ಅದೇ ಕೊರತೆಯನ್ನು ಎರಡು ಬಾರಿ ಎಣಿಸಬಾರದು.

ಸಕಾಲಿಕತೆಯ ಮಿತಿ 21 ದಿನಗಳು. ಈ ಪಟ್ಟಿಯಲ್ಲಿ 36 ಜನನಗಳು ಆ ಅವಧಿಯೊಳಗೆ ದಾಖಲಾಗಿವೆ. ಇಲ್ಲಿ ಪಟ್ಟಿ ತೆಗೆದ ದಿನಾಂಕವನ್ನು ತಪ್ಪದೆ ನೋಡಬೇಕು. ತಿಂಗಳ ಕೊನೆಯ ದಿನ ಹುಟ್ಟಿದ ಮಗುವಿನ 21 ದಿನಗಳು ಮುಂದಿನ ತಿಂಗಳ ಮೂರನೆಯ ವಾರದವರೆಗೆ ಇರುತ್ತವೆ. 5ನೇ ತಾರೀಖಿಗೇ ಪಟ್ಟಿ ತೆಗೆದರೆ ತಡವಾಗಿ ಬರಲಿರುವ ಜನನಗಳು ಅದರಲ್ಲಿ ಇರುವುದೇ ಇಲ್ಲ. ಬೇಗ ಬಂದವು ಮಾತ್ರ ಎಣಿಕೆಯಾಗಿ ಸಕಾಲಿಕತೆ ಸುಳ್ಳಾಗಿ ಹೆಚ್ಚು ಕಾಣುತ್ತದೆ. ವಿಳಂಬದ ಹೊರೆ ಕುಟುಂಬದ ಮೇಲೆ ಬೀಳುತ್ತದೆ: 30 ದಿನಗಳವರೆಗೆ ವಿಳಂಬ ಶುಲ್ಕ, ಅನಂತರ ಒಂದು ವರ್ಷದವರೆಗೆ ಲಿಖಿತ ಅನುಮತಿ, ಅದಕ್ಕೂ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ.

ಕೊನೆಯದಾಗಿ, ಎರಡು ಅಂಕಗಳಲ್ಲಿಯೂ ಶೇ. 100 ಪಡೆದಿರುವ ವಾಸಸ್ಥಳದ ಕಾಲಂ. ಇದರಲ್ಲಿ 32 ತಾಯಂದಿರ ವಾಸಸ್ಥಳ ‘ದಾವಣಗೆರೆ ನಗರ’ ಎಂದಿದೆ ಎಂದು ಭಾವಿಸೋಣ. ದಾವಣಗೆರೆ ನಗರವು ಅಧಿಕೃತ ಸ್ಥಳಪಟ್ಟಿಯಲ್ಲಿರುವುದರಿಂದ ನಮೂದು ಸಿಂಧುವೇ. ಆದರೆ ಆಸ್ಪತ್ರೆಯ ವಿಳಾಸವನ್ನೋ, ಹೆರಿಗೆಗೆ ಬಂದಿದ್ದ ತವರುಮನೆಯ ವಿಳಾಸವನ್ನೋ ಬರೆದಿದ್ದರೂ ಅಂಕಪಟ್ಟಿಗೆ ಅದು ಗೊತ್ತಾಗುವುದಿಲ್ಲ. ನಮೂನೆಯು ಕೇಳುವುದು ತಾಯಿಯು ಸಾಮಾನ್ಯವಾಗಿ ವಾಸಿಸುವ ಊರನ್ನು. ಸಿಂಧುವಾದದ್ದೆಲ್ಲ ಸತ್ಯವಲ್ಲ, ಅಂಕಪಟ್ಟಿಯ ಮಿತಿ ಇರುವುದು ಇಲ್ಲಿಯೇ.

ಈ ದೋಷವನ್ನು ಹೊರಗಿನ ಲೆಕ್ಕದೊಂದಿಗೆ ಹೋಲಿಸಿಯೇ ಕಂಡುಹಿಡಿಯಬೇಕು. ಗ್ರಾಮದ ಆಶಾ ಕಾರ್ಯಕರ್ತೆಯ ಲೆಕ್ಕದಲ್ಲಿ ಆ ತಿಂಗಳು 9 ಹೆರಿಗೆಗಳಿದ್ದು, ಎಲ್ಲಾ ನೋಂದಣಿ ಘಟಕಗಳ ಪಟ್ಟಿಗಳಲ್ಲಿ ಗ್ರಾಮದ ಹೆಸರಿನಡಿ 2 ಮಾತ್ರ ಕಂಡುಬಂದರೆ, ಉಳಿದ 7 ಬೇರೆ ಸ್ಥಳದ ಹೆಸರಿನಲ್ಲಿ ಸೇರಿರಬೇಕು ಇಲ್ಲವೇ ನೋಂದಣಿಯೇ ಆಗಿರಬಾರದು. ನೋಂದಣಿಯಾಗದವು ಮೊದಲು ಇತ್ಯರ್ಥವಾಗಬೇಕು. ಏಕೆಂದರೆ 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ ಮೊದಲಾದವುಗಳಿಗೆ ಜನ್ಮ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣ ಪತ್ರವನ್ನೇ ಕಾನೂನು ಕೇಳುತ್ತದೆ.

ವ್ಯತ್ಯಾಸ ಕಂಡುಬಂದಲ್ಲಿ ಸದಸ್ಯರು ಅದನ್ನು ಜನನ ನೋಂದಣಿಯಾದ ಘಟಕದ ನೋಂದಣಾಧಿಕಾರಿಗಳ ಗಮನಕ್ಕೆ ಲಿಖಿತವಾಗಿ ತರಬಹುದು. ಹೆರಿಗೆಗೆ ತೆರಳುವ ಕುಟುಂಬಗಳಿಗೆ, ಆಸ್ಪತ್ರೆಯಲ್ಲಿ ತಾಯಿಯ ಖಾಯಂ ಊರಿನ ಹೆಸರನ್ನೇ ಬರೆಸುವಂತೆ ಮುಂಚಿತವಾಗಿ ತಿಳಿಸುವುದು ಇದಕ್ಕಿಂತ ಸುಲಭದ ಮಾರ್ಗವಾಗಿರುತ್ತದೆ.